ನಾಲ್ಕರಿಂದ ಮೂರಕ್ಕೆ: ಸಣ್ಣ ಕಾರಿನ ಎಂಜಿನ್‌ನಲ್ಲಿ ಒಂದು ಸಿಲಿಂಡರ್ ಕಡಿಮೆಯಾದಾಗ

2024ರ ಮೇ 9ರಂದು ಮಾರುತಿ ಸುಜುಕಿ ಕಂಪನಿ ಹೊಸ ಸ್ವಿಫ್ಟ್ ಕಾರನ್ನು ಮಾರುಕಟ್ಟೆಗೆ ತಂದಿತು. ದೀಪ, ಬಂಪರು, ಪರದೆಗಳ ಸುದ್ದಿಯೇ ಹೆಚ್ಚಾಗಿದ್ದ ಆ ದಿನ, ನಿಜವಾದ ಬದಲಾವಣೆ ಬಾನೆಟ್ಟಿನ ಕೆಳಗೆ ಆಗಿತ್ತು. 2005ರಿಂದಲೂ ಪೆಟ್ರೋಲ್ ಸ್ವಿಫ್ಟ್ ಎಂದರೆ ನಾಲ್ಕು ಸಿಲಿಂಡರ್. ಆ ದಿನದಿಂದ ಅದು ಮೂರಾಯಿತು. ಅದೇ ವರ್ಷದ ನವೆಂಬರಿನಲ್ಲಿ ಬಂದ ಹೊಸ ಡಿಜೈರ್ ಕೂಡ ಇದೇ ಎಂಜಿನ್ ಹೊತ್ತು ಬಂತು. ಅಂದಿನಿಂದ ಕಾರು ಕೊಳ್ಳಲು ಹೊರಟವರೆಲ್ಲರೂ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: ಮೂರು ಸಿಲಿಂಡರಿನ ಕಾರು ನಡುಗುತ್ತದಂತೆ, ಬೇಗ ಸವೆಯುತ್ತದಂತೆ, ನಿಜವೇ?

ಈ ಪ್ರಶ್ನೆಗೆ ಉತ್ತರ ಹುಡುಕಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಸಾಮಾನ್ಯವಾಗಿ ಮೂರು ಸಿಲಿಂಡರಿನ ಒಂದು ಲೀಟರ್ ಎಂಜಿನ್ನನ್ನು ನಾಲ್ಕು ಸಿಲಿಂಡರಿನ ದೊಡ್ಡ ಎಂಜಿನ್ನಿಗೆ ಹೋಲಿಸುತ್ತೇವೆ. ಆಗ ಯಾವ ವ್ಯತ್ಯಾಸ ಸಿಲಿಂಡರಿನದು, ಯಾವುದು ಗಾತ್ರದ್ದು ಎಂದು ತಿಳಿಯುವುದಿಲ್ಲ. ಇಲ್ಲಿ ಹಾಗಲ್ಲ. ಹಳೆಯ ಕೆ12 ಎಂಜಿನ್ನಿನದೂ 1197 ಸಿಸಿ, ಹೊಸ ಝಡ್12ಇ ಎಂಜಿನ್ನಿನದೂ 1197 ಸಿಸಿ. ಕಂಪನಿಯೂ ಒಂದೇ. ಹಳೆಯದರ ಶಕ್ತಿ 90 ಪಿಎಸ್, ಹೊಸದರದು 82. ಎಂಜಿನ್ ತಿರುಗಿಸುವ ಬಲವಾದ ಟಾರ್ಕ್ ಮಾತ್ರ 113 ನ್ಯೂಟನ್ ಮೀಟರಿನಿಂದ 112ಕ್ಕೆ ಇಳಿದಿದೆ, ಅಂದರೆ ಬಹುತೇಕ ಅಷ್ಟೇ ಇದೆ. ಅಧಿಕೃತ ಮೈಲೇಜ್ ಮ್ಯಾನುವಲ್ ಗೇರಿನಲ್ಲಿ ಲೀಟರಿಗೆ 22.38 ಕಿ.ಮೀ. ಇದ್ದದ್ದು 24.80ಕ್ಕೆ ಏರಿದೆ. ಹಳೆಯ ನಾಲ್ಕು ಸಿಲಿಂಡರಿನ ಎಂಜಿನ್ ಬಲೇನೊದಲ್ಲಿ ಮುಂದುವರಿದಿರುವುದರಿಂದ ಎರಡನ್ನೂ ಒಂದೇ ಮಧ್ಯಾಹ್ನ ಓಡಿಸಿ ನೋಡುವ ಅವಕಾಶವೂ ಇದೆ.

ಮೂರು ಸಿಲಿಂಡರ್ ನಮಗೆ ಹೊಸದೇನೂ ಅಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಮೂರು ಸಿಲಿಂಡರಿನದೇ. ಅದರ ನಂತರ ಆಲ್ಟೊ ಬಂತು. ಇಡೀ ದೇಶ ಕಾರು ಕಲಿತದ್ದು ಈ ಎಂಜಿನ್ನುಗಳ ಮೇಲೆ. ಅವು ಲಕ್ಷ ಕಿಲೋಮೀಟರುಗಳನ್ನು ಸಲೀಸಾಗಿ ದಾಟಿದವು. ಹಾಗಾಗಿ ‘ಮೂರು ಸಿಲಿಂಡರ್ ಬಾಳಿಕೆ ಬರುವುದಿಲ್ಲ’ ಎಂಬ ಮಾತಿಗೆ ಉತ್ತರ ನಮ್ಮ ಬೀದಿಗಳಲ್ಲೇ ನಲವತ್ತು ವರ್ಷದಿಂದ ಓಡಾಡುತ್ತಿದೆ. ಉಳಿಯುವುದು ನಡುಕದ ಪ್ರಶ್ನೆ. ಅದು ನಿಜವಾದ ಪ್ರಶ್ನೆಯೇ.

ಕಂಪನಿಗಳು ಒಂದು ಸಿಲಿಂಡರನ್ನು ಕೈಬಿಡುವುದು ಬರೀ ಖರ್ಚು ಉಳಿಸಲು ಎಂದು ಹಲವರು ನಂಬಿದ್ದಾರೆ. ಖರ್ಚು ಉಳಿಯುವುದು ಸುಳ್ಳಲ್ಲ. ಆದರೆ ದೊಡ್ಡ ಕಾರಣ ಇಂಧನ. ಕಂಪನಿಯೊಂದು ಮಾರುವ ಎಲ್ಲ ಕಾರುಗಳ ಸರಾಸರಿ ಇಂಗಾಲದ ಡೈಆಕ್ಸೈಡ್ ಇಂತಿಷ್ಟನ್ನು ಮೀರಬಾರದು ಎಂಬ ಸರ್ಕಾರಿ ನಿಯಮ 2022ರಿಂದ ಮತ್ತಷ್ಟು ಬಿಗಿಯಾಗಿದೆ. ಲಕ್ಷಗಟ್ಟಲೆ ಮಾರಾಟವಾಗುವ ಸಣ್ಣ ಕಾರಿನಲ್ಲಿ ಸಿಗುವ ಪ್ರತಿಯೊಂದು ಉಳಿತಾಯವೂ ಆ ಸರಾಸರಿಯನ್ನು ಇಳಿಸುತ್ತದೆ. ಒಂದು ಸಿಲಿಂಡರ್ ಹೋದರೆ ಅದರ ಪಿಸ್ಟನ್, ರಿಂಗುಗಳು, ನಾಲ್ಕು ವಾಲ್ವುಗಳು, ಪಿಸ್ಟನ್ನುಗಳ ಏರಿಳಿತವನ್ನು ತಿರುಗಾಟವಾಗಿಸುವ ಕ್ರ್ಯಾಂಕ್‌ಶಾಫ್ಟಿನ ಒಂದೆರಡು ಬೇರಿಂಗುಗಳು, ಇವೆಲ್ಲದರ ಉಜ್ಜಾಟವೂ ಹೋಗುತ್ತದೆ. ಇನ್ನೊಂದು ಲಾಭ ಕಣ್ಣಿಗೆ ಕಾಣುವುದಿಲ್ಲ. 1197 ಸಿಸಿಯನ್ನು ನಾಲ್ಕಾಗಿ ಹಂಚಿದರೆ ಒಂದೊಂದು ಸಿಲಿಂಡರಿಗೆ 299 ಸಿಸಿ ಸಿಗುತ್ತದೆ, ಮೂರಾಗಿ ಹಂಚಿದರೆ 399. ನಾಲ್ಕು ಚಿಕ್ಕ ಚೊಂಬುಗಳಲ್ಲಿಟ್ಟ ಬಿಸಿನೀರಿಗಿಂತ ಮೂರು ದೊಡ್ಡ ಚೊಂಬುಗಳಲ್ಲಿಟ್ಟ ಅಷ್ಟೇ ನೀರು ನಿಧಾನವಾಗಿ ಆರುತ್ತದೆ, ಏಕೆಂದರೆ ಶಾಖ ಹೊರಹೋಗುವ ಗೋಡೆ ಕಡಿಮೆ. ಸಿಲಿಂಡರಿನ ಆಕಾರ ಒಂದೇ ಎಂದುಕೊಂಡರೆ ಒಟ್ಟು ಗೋಡೆಯ ವಿಸ್ತೀರ್ಣ ಸುಮಾರು ಶೇ 9ರಷ್ಟು ಇಳಿಯುತ್ತದೆ. ಉರಿದ ಪೆಟ್ರೋಲಿನ ಶಾಖ ಗೋಡೆಗೆ ಕಡಿಮೆ ಹೋಗಿ ಪಿಸ್ಟನ್ನನ್ನು ತಳ್ಳಲು ಹೆಚ್ಚು ಉಳಿಯುತ್ತದೆ.

ಮೇಲಿನ ಮೈಲೇಜ್ ಅಂಕಿಗಳನ್ನೇ ಹಿಡಿದು ಲೆಕ್ಕ ಹಾಕೋಣ. ವರ್ಷಕ್ಕೆ 12,000 ಕಿ.ಮೀ. ಓಡಿಸುವವರಿಗೆ ಹಳೆಯ ಎಂಜಿನ್ನಿಗೆ ಸುಮಾರು 536 ಲೀಟರ್, ಹೊಸದಕ್ಕೆ 484 ಲೀಟರ್ ಬೇಕು. ಉಳಿಯುವುದು 52 ಲೀಟರ್. ಲೀಟರಿಗೆ 100 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 5,200 ರೂಪಾಯಿ. ರಸ್ತೆಯಲ್ಲಿ ಎರಡೂ ಅಂಕಿಗಳು ಇಳಿಯುತ್ತವೆ. ಈ ಉಳಿತಾಯದ ಪೂರ್ತಿ ಪುಣ್ಯ ಸಿಲಿಂಡರಿನ ಸಂಖ್ಯೆಗೇ ಸಲ್ಲುವುದೂ ಇಲ್ಲ, ಏಕೆಂದರೆ ಎಂಜಿನ್ನಿನಲ್ಲಿ ಬೇರೆ ಬದಲಾವಣೆಗಳೂ ಆಗಿವೆ. ಆದರೂ ಈ ಮೊತ್ತವನ್ನು ನೆನಪಿಟ್ಟುಕೊಳ್ಳಿ, ಮುಂದೆ ದುರಸ್ತಿಯ ಮಾತು ಬಂದಾಗ ಬೇಕಾಗುತ್ತದೆ.

ಈಗ ನಡುಕದ ವಿಷಯ. ಪೆಟ್ರೋಲ್ ಎಂಜಿನ್ನಿನ ಪ್ರತಿ ಸಿಲಿಂಡರೂ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ಸುತ್ತುವಷ್ಟರಲ್ಲಿ ಒಮ್ಮೆ ಮಾತ್ರ ಸ್ಫೋಟಿಸುತ್ತದೆ. ನಾಲ್ಕು ಸಿಲಿಂಡರ್ ಇದ್ದರೆ ಪ್ರತಿ ಅರ್ಧ ಸುತ್ತಿಗೆ ಒಂದು ತಳ್ಳು ಸಿಗುತ್ತದೆ. ಒಬ್ಬರ ಏಟು ಮುಗಿಯುವ ಹೊತ್ತಿಗೆ ಮತ್ತೊಬ್ಬರ ಒನಕೆ ಒರಳಿಗೆ ಬೀಳುವ ಹಾಗೆ. ಮೂರು ಸಿಲಿಂಡರಿನಲ್ಲಿ ತಳ್ಳು ಬರುವುದು ಮುಕ್ಕಾಲಿಗೆ ಕೊಂಚ ಕಡಿಮೆ, ಅಂದರೆ ಮೂರನೇ ಎರಡರಷ್ಟು ಸುತ್ತಿಗೆ ಒಮ್ಮೆ. ಒಂದು ತಳ್ಳು ಅರ್ಧ ಸುತ್ತಿನೊಳಗೆ ಮುಗಿದುಹೋಗುವುದರಿಂದ ಮುಂದಿನದು ಬರುವವರೆಗೆ ಯಾರೂ ತಳ್ಳದ ಒಂದು ಖಾಲಿ ಗಳಿಗೆ ಉಳಿಯುತ್ತದೆ. ಆ ಗಳಿಗೆಯಲ್ಲಿ ಎಂಜಿನ್ ಸುತ್ತುವುದು ಫ್ಲೈವೀಲ್ ಎಂಬ ಭಾರವಾದ ಚಕ್ರದ ಓಟದ ಬಲದಿಂದ ಮಾತ್ರ. ಅದರ ಮೇಲೆ ಪ್ರತಿ ಸಿಲಿಂಡರ್ ಮೂರನೇ ಒಂದರಷ್ಟು ದೊಡ್ಡದಾಗಿರುವುದರಿಂದ ಪ್ರತಿ ಏಟೂ ದೊಡ್ಡದು. ಅಪರೂಪಕ್ಕೆ ಬೀಳುವ ದೊಡ್ಡ ಏಟು: ಸಿಗ್ನಲ್ಲಿನಲ್ಲಿ ನಿಂತಾಗ ನಿಮ್ಮ ಅಂಗೈಗೆ ಸ್ಟೀರಿಂಗ್ ಹೇಳುವುದು ಇದನ್ನೇ.

ಅಂಕಿಯಲ್ಲಿ ಹೇಳುವುದಾದರೆ, 750 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 750 ಸುತ್ತಿನಲ್ಲಿ, ನಿಂತಲ್ಲೇ ಓಡುತ್ತಿರುವ ನಾಲ್ಕು ಸಿಲಿಂಡರಿನಲ್ಲಿ ಸೆಕೆಂಡಿಗೆ 25 ಏಟು, ಮೂರರಲ್ಲಿ ಸುಮಾರು 19. ವ್ಯತ್ಯಾಸ ಚಿಕ್ಕದೆನಿಸಬಹುದು, ಆದರೆ ರಬ್ಬರಿಗೆ ಅದು ದೊಡ್ಡದು. ಎಂಜಿನ್ ಕಾರಿನ ಚೌಕಟ್ಟಿಗೆ ನೇರವಾಗಿ ಅಂಟಿಕೊಂಡಿಲ್ಲ. ಸಾಮಾನ್ಯವಾಗಿ ಮೂರು ಕಡೆ ರಬ್ಬರಿನ ಮೌಂಟುಗಳ ಮೇಲೆ ಕುಳಿತಿರುತ್ತದೆ. ವೇಗವಾದ ಕಂಪನವನ್ನು ರಬ್ಬರು ಸುಲಭವಾಗಿ ನುಂಗುತ್ತದೆ, ನಿಧಾನದ ಕಂಪನವನ್ನು ಹಾಗೆಯೇ ಆಚೆ ದಾಟಿಸಿಬಿಡುತ್ತದೆ. ಮೌಂಟನ್ನು ಮೆತ್ತಗೆ ಮಾಡಿದರೆ ನಿಧಾನದ ಕಂಪನವೂ ಅಡಗುತ್ತದೆ ನಿಜ, ಆದರೆ ಗೇರು ಹಾಕಿ ಕ್ಲಚ್ ಬಿಟ್ಟಾಗಲೆಲ್ಲ ಎಂಜಿನ್ ತೂಗಾಡತೊಡಗುತ್ತದೆ. ಈ ಎರಡರ ನಡುವೆ ಎಲ್ಲಿ ನಿಲ್ಲಬೇಕು ಎಂಬುದರಲ್ಲೇ ಕಂಪನಿಗಳ ಕೈಚಳಕ ಕಾಣುತ್ತದೆ. ಒಂದೇ ಸಂಖ್ಯೆಯ ಸಿಲಿಂಡರ್ ಇದ್ದೂ ಒಂದು ಕಾರು ಗಂಭೀರವಾಗಿ, ಇನ್ನೊಂದು ಒರಟಾಗಿ ಅನಿಸಲು ಮುಖ್ಯ ಕಾರಣ ಇದೇ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ನಾಲ್ಕು ಸಿಲಿಂಡರ್ ‘ಪೂರ್ತಿ ಸಮತೋಲನದ’ ಎಂಜಿನ್ ಎಂದು ಹೇಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಅದು ಸರಿಯಲ್ಲ. ನಾಲ್ಕರಲ್ಲಿ ಎರಡು ಪಿಸ್ಟನ್ ಮೇಲೇರುವಾಗ ಎರಡು ಇಳಿಯುತ್ತವೆ. ಆದರೆ ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಓರೆಯಾಗುವುದರಿಂದ ಪಿಸ್ಟನ್ನು ದಾರಿಯ ಮೇಲಿನ ಅರ್ಧದಲ್ಲಿ ಬೇಗ, ಕೆಳಗಿನ ಅರ್ಧದಲ್ಲಿ ತುಸು ನಿಧಾನವಾಗಿ ಸಾಗುತ್ತದೆ. ಏರುವವು ಇಳಿಯುವವನ್ನು ಪೂರ್ತಿಯಾಗಿ ರದ್ದು ಮಾಡುವುದಿಲ್ಲ. ಉಳಿದ ಆ ಬಲ ಇಡೀ ಎಂಜಿನ್ನನ್ನು ಪ್ರತಿ ಸುತ್ತಿಗೆ ಎರಡು ಸಲ ಮೇಲೆ ಕೆಳಗೆ ಅಲುಗಿಸುತ್ತದೆ. ವೇಗ ಎರಡರಷ್ಟಾದರೆ ಈ ಬಲ ನಾಲ್ಕರಷ್ಟಾಗುತ್ತದೆ. ಹೆದ್ದಾರಿಯಲ್ಲಿ 4,000 ಆರ್‌ಪಿಎಂ ದಾಟಿದಾಗ ನಾಲ್ಕು ಸಿಲಿಂಡರಿನ ಸಣ್ಣ ಕಾರು ಝೇಂಕರಿಸತೊಡಗುವುದರ ಹಿಂದೆ ಇದರ ಪಾಲೂ ಇದೆ.

ಮೂರು ಸಿಲಿಂಡರಿನಲ್ಲಿ ಹೀಗೆ ಮೇಲೆ ಕೆಳಗೆ ಎಗರಿಸುವ ಬಲ ಉಳಿಯುವುದೇ ಇಲ್ಲ. ಮೂರೂ ಪಿಸ್ಟನ್‌ಗಳು ಸಮ ಅಂತರದಲ್ಲಿ ಹಂಚಿಕೊಂಡಿರುವುದರಿಂದ ಅವು ಒಂದನ್ನೊಂದು ಚೊಕ್ಕವಾಗಿ ರದ್ದು ಮಾಡುತ್ತವೆ. ತೊಂದರೆ ಇನ್ನೊಂದು ಕಡೆ ಇದೆ. ಒಂದು ತುದಿಯ ಪಿಸ್ಟನ್ ಮೇಲಿರುವಾಗ ಇನ್ನೊಂದು ತುದಿಯದು ಕೆಳಗೆ ಹೊರಟಿರುತ್ತದೆ. ಇಬ್ಬರು ಮಂಚ ಹೊತ್ತು ನಡೆಯುವಾಗ ಒಬ್ಬರ ತುದಿ ಏರಿ ಮತ್ತೊಬ್ಬರ ತುದಿ ಇಳಿದಂತೆ, ಎಂಜಿನ್ ಉದ್ದಕ್ಕೂ ತೂಗುತ್ತದೆ. ಇದನ್ನು ಅಡಗಿಸಲು ಕೆಲವು ಎಂಜಿನ್‌ಗಳಲ್ಲಿ ಎದುರು ದಿಕ್ಕಿಗೆ ತಿರುಗುವ ಬ್ಯಾಲೆನ್ಸರ್ ಶಾಫ್ಟ್ ಇಡುತ್ತಾರೆ. ಅದನ್ನು ತಿರುಗಿಸಲು ಮತ್ತೆ ಇಂಧನ ಖರ್ಚಾಗುವುದರಿಂದ, ಮೂರಕ್ಕಿಳಿದ ಉದ್ದೇಶವೇ ಸ್ವಲ್ಪ ಕರಗುತ್ತದೆ. ಹಾಗಾಗಿ ಹಲವರು ಫ್ಲೈವೀಲಿಗೂ ಮುಂಭಾಗದ ಪುಲ್ಲಿಗೂ ಬೇಕೆಂದೇ ಒಂದಿಷ್ಟು ಅಸಮ ತೂಕ ಕೊಟ್ಟು, ತೂಗಾಟವನ್ನು ಮೌಂಟುಗಳು ಸಹಿಸಬಲ್ಲ ದಿಕ್ಕಿಗೆ ತಿರುಗಿಸುತ್ತಾರೆ.

ಹೀಗಾಗಿ ಎರಡು ಎಂಜಿನ್‌ಗಳೂ ಅಲುಗುತ್ತವೆ, ಬೇರೆ ಬೇರೆ ಜಾಗದಲ್ಲಿ. ಮೂರರ ಕೊರತೆ ಬಹುಪಾಲು 1,500 ಆರ್‌ಪಿಎಂಗಿಂತ ಕೆಳಗಿದೆ. 2,500 ದಾಟಿದ ಮೇಲೆ ಒಳ್ಳೆಯ ಮೂರು ಸಿಲಿಂಡರಿನ ಎಂಜಿನ್ ಎಷ್ಟು ಹಾಯಾಗಿ ಓಡುತ್ತದೆಂದರೆ, ಅದರ ತುಸು ಗೊಗ್ಗರು ಧ್ವನಿಯನ್ನು ನಾನಂತೂ ಇಷ್ಟಪಡುತ್ತೇನೆ. ತುಮಕೂರು ದಾಟಿ ಹುಬ್ಬಳ್ಳಿಯ ಕಡೆಗೆ ಸಮವೇಗದಲ್ಲಿ ಓಡುವವರಿಗೆ ನಾಲ್ಕನೆಯ ಸಿಲಿಂಡರಿನ ನೆನಪೇ ಬರಲಾರದು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸಂಜೆ ಒಂದೂವರೆ ಗಂಟೆ ತೆವಳುವವರಿಗೆ ಅದರ ನೆನಪು ಪ್ರತಿ ನಿಮಿಷವೂ ಬರುತ್ತದೆ. ಯಾವ ಎಂಜಿನ್ ಒಳ್ಳೆಯದು ಎಂದು ಕೇಳುವ ಮೊದಲು ನಿಮ್ಮ ದಿನದ ಎಷ್ಟು ಹೊತ್ತು ಆ 1,500ರ ಕೆಳಗೆ ಕಳೆಯುತ್ತದೆ ಎಂದು ನೋಡಿಕೊಳ್ಳಬೇಕು ಎನ್ನುವುದು ಇದಕ್ಕಾಗಿ.

ಇದೇ ಲೆಕ್ಕದಿಂದ ಓಡಿಸುವ ರೀತಿಯ ಬಗ್ಗೆಯೂ ಒಂದು ಮಾತು ಹೊರಡುತ್ತದೆ. 750 ಆರ್‌ಪಿಎಂನ ನಾಲ್ಕು ಸಿಲಿಂಡರ್ ಸೆಕೆಂಡಿಗೆ ಕೊಡುವ ಏಟುಗಳನ್ನು ಕೊಡಲು ಮೂರು ಸಿಲಿಂಡರಿಗೆ 1,000 ಆರ್‌ಪಿಎಂ ಬೇಕು. ಮೂರಕ್ಕೆ ನಾಲ್ಕು, ಇದೇ ಅನುಪಾತ ಎಲ್ಲೆಡೆ. ಹಳೆಯ ಕಾರಿನಲ್ಲಿ 1,200ಕ್ಕೆ ಇಳಿದಾಗ ಗೇರು ಇಳಿಸುವ ಅಭ್ಯಾಸವಿದ್ದರೆ, ಹೊಸದರಲ್ಲಿ 1,600ಕ್ಕೇ ಇಳಿಸಿ. ವರ್ಷಗಟ್ಟಲೆ ನಾಲ್ಕು ಸಿಲಿಂಡರ್ ಓಡಿಸಿ ಪಳಗಿದವರು ರಸ್ತೆ ಉಬ್ಬನ್ನು ಮೂರನೇ ಗೇರಿನಲ್ಲೇ ದಾಟಿ ಹಾಗೇ ಎಳೆಯುತ್ತಾರೆ. ಮೂರು ಸಿಲಿಂಡರಿನಲ್ಲಿ ಅದನ್ನೇ ಮಾಡಿದಾಗ ಡ್ಯಾಶ್‌ಬೋರ್ಡು ಗಡಗಡ ಎನ್ನುತ್ತದೆ. ಚಾರ್ಮಾಡಿಯ ತಿರುವುಗಳಲ್ಲಿ ಇದು ಇನ್ನೂ ಸ್ಪಷ್ಟ. ಎಂಜಿನ್ನಿನಲ್ಲಿ ಎಳೆಯುವ ಶಕ್ತಿ ಇಲ್ಲ ಎಂದಲ್ಲ, ಟಾರ್ಕ್ ಬಹುತೇಕ ಅಷ್ಟೇ ಇದೆ ಎಂದು ಮೇಲೆ ನೋಡಿದೆವು. ಏಟುಗಳ ನಡುವಿನ ಖಾಲಿ ಗಳಿಗೆ ದೀರ್ಘವಾಗಿದೆ, ಅಷ್ಟೇ. ಗೇರು ಇಳಿಸದೆ ಅರ್ಧ ಕ್ಲಚ್ ಒತ್ತಿ ಆ ಗಡಗಡವನ್ನು ಮುಚ್ಚಿಹಾಕುವವರೂ ಇದ್ದಾರೆ. ಅವರ ಕ್ಲಚ್ ಪ್ಲೇಟ್ ಬೇಗ ಸವೆಯುತ್ತದೆ, ಬೈಗುಳ ಎಂಜಿನ್ನಿಗೆ ಬೀಳುತ್ತದೆ.

ನಿರ್ವಹಣೆಯ ಮಾತಿಗೆ ಬಂದರೆ, ಸರ್ವೀಸಿನ ಬಿಲ್ಲಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ. ಆಯಿಲ್, ಫಿಲ್ಟರ್, ಕೂಲೆಂಟ್ ಎರಡಕ್ಕೂ ಬೇಕು. ಒಂದು ಸ್ಪಾರ್ಕ್ ಪ್ಲಗ್, ಒಂದು ಇಗ್ನಿಷನ್ ಕಾಯಿಲ್ ಉಳಿಯುತ್ತದೆ ಎಂಬುದು ನಿಜವಾದರೂ ಅವು ಪ್ರತಿ ವರ್ಷ ಬದಲಿಸುವ ವಸ್ತುಗಳಲ್ಲ. ನಿಜವಾದ ವ್ಯತ್ಯಾಸ ಎರಡು ಕಡೆ ಮಾತ್ರ. ಮೊದಲನೆಯದು ಮೌಂಟುಗಳು. ಅವುಗಳ ರಬ್ಬರು ಹೆಚ್ಚು ದುಡಿಯುತ್ತದೆ. ಎರಡನೆಯದು, ಒಂದು ಸಿಲಿಂಡರ್ ಕೈಕೊಟ್ಟಾಗ ಆಗುವ ಪೆಟ್ಟು. ಗ್ಯಾರೇಜಿನವರು ‘ಮಿಸ್ಸಿಂಗ್’ ಎನ್ನುವ ಈ ತೊಂದರೆಯಲ್ಲಿ ನಾಲ್ಕರ ಎಂಜಿನ್ ಕಾಲುಭಾಗ ಶಕ್ತಿ ಕಳೆದುಕೊಂಡರೆ ಮೂರರದು ಮೂರನೇ ಒಂದು ಭಾಗ ಕಳೆದುಕೊಳ್ಳುತ್ತದೆ, ಮತ್ತು ಕಾರು ಎತ್ತಿನಗಾಡಿಯಂತೆ ಕುಲುಕುತ್ತದೆ. ಹಾಗೆಯೇ ಓಡಿಸಿದರೆ ಉರಿಯದ ಪೆಟ್ರೋಲು ಹೊಗೆಕೊಳವೆಯಲ್ಲಿ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನು ಸುಟ್ಟುಹಾಕುತ್ತದೆ. ಪ್ಲಗ್ಗಿನ ಖರ್ಚಿನಲ್ಲಿ ಮುಗಿಯಬೇಕಾದದ್ದು ಅದರ ಹತ್ತಾರು ಪಟ್ಟು ದುಡ್ಡಿಗೆ ಬಂದು ನಿಲ್ಲುತ್ತದೆ.

ಈ ಎರಡು ತೊಂದರೆಗಳನ್ನು ಒಂದಕ್ಕೊಂದು ಬೆರೆಸಿ ನೋಡುವುದೇ ಮೂರು ಸಿಲಿಂಡರಿನ ಕಾರುಗಳಲ್ಲಿ ಹಣ ವ್ಯರ್ಥವಾಗುವ ಮುಖ್ಯ ದಾರಿ. ನನ್ನ ಸೋದರಮಾವನ ಕಾರಿನಲ್ಲಿ ನಡೆದದ್ದನ್ನೇ ಹೇಳುತ್ತೇನೆ. ಮೂರು ಸಿಲಿಂಡರಿನ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಆರು ವರ್ಷ ಹಳೆಯದು, ಎಪ್ಪತ್ತು ಸಾವಿರ ಕಿಲೋಮೀಟರ್ ಓಡಿತ್ತು. ಎ.ಸಿ. ಹಾಕಿ ನಿಂತರೆ ಸ್ಟೀರಿಂಗೂ ಸೀಟೂ ಅದುರುತ್ತಿದ್ದವು. ಮೊದಲು ಹೋದ ಗ್ಯಾರೇಜಿನಲ್ಲಿ ಪ್ಲಗ್ ಬದಲಿಸಿದರು, ಥ್ರಾಟಲ್ ಬಾಡಿ ತೊಳೆದರು, ಇಂಜೆಕ್ಟರ್ ಕ್ಲೀನ್ ಮಾಡಿದರು. ಅದುರುವುದು ಒಂದು ಕೂದಲೂ ಕಡಿಮೆಯಾಗಲಿಲ್ಲ. ‘ತ್ರೀ ಸಿಲಿಂಡರ್ ಅಲ್ಲವೇ ಸಾರ್, ಇಷ್ಟೇ’ ಎಂದು ಕಳಿಸಿದರು.

ಮುಂದಿನ ವಾರ ಶಿವಮೊಗ್ಗದ ಇನ್ನೊಬ್ಬ ಹಿರಿಯ ಮೆಕ್ಯಾನಿಕ್ ಯಾವ ಪರಿಕರವನ್ನೂ ಕೈಗೆತ್ತಿಕೊಳ್ಳದೆ ನಿಂತಲ್ಲೇ ಒಂದು ನಿಮಿಷ ಆಲಿಸಿದರು. ‘ಏಟು ತಪ್ಪುತ್ತಿಲ್ಲ, ಸಮವಾಗಿದೆ’ ಎಂದರು. ಮಿಸ್ಸಿಂಗ್ ಇದ್ದರೆ ನಡುಕಕ್ಕೆ ಲಯ ಇರುವುದಿಲ್ಲ, ಮಧ್ಯೆ ಮಧ್ಯೆ ಎಡವುತ್ತದೆ, ಹೊಗೆಕೊಳವೆಯ ಬಾಯಿಗೆ ಅಂಗೈ ಹಿಡಿದರೆ ಗಾಳಿ ಬಿಟ್ಟುಬಿಟ್ಟು ಬರುತ್ತದೆ. ಸ್ಕ್ಯಾನರ್ ಜೋಡಿಸಿದರೆ P0301, P0302, P0303 ಎಂಬ ಕೋಡುಗಳಲ್ಲಿ ಒಂದು ಕಾಣಿಸಬಹುದು. ಕೊನೆಯ ಅಂಕಿ ಯಾವ ಸಿಲಿಂಡರ್ ಎಂದು ತೋರಿಸುತ್ತದೆ. ಇಲ್ಲಿ ನಡುಕ ಸಮವಾಗಿತ್ತು, ಆಕ್ಸಿಲರೇಟರ್ ತುಸು ಒತ್ತಿ 1,200 ಆರ್‌ಪಿಎಂ ಮಾಡಿದ ಕೂಡಲೇ ಮಾಯವಾಗುತ್ತಿತ್ತು. ಅದು ಮೌಂಟಿನ ಗುರುತು.

ಅವರು ಬಾನೆಟ್ ಎತ್ತಿ, ಪಕ್ಕಕ್ಕೆ ಸರಿದು ನಿಂತರು. ಈ ಪರೀಕ್ಷೆ ಮಾಡುವಾಗ ಕಾರಿನ ಮುಂದೆ ಯಾರೂ ನಿಲ್ಲಬಾರದು. ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಗಟ್ಟಿಯಾಗಿ ಒತ್ತಿ, ಮೊದಲನೇ ಗೇರಿನಲ್ಲಿ ಕ್ಲಚ್ಚನ್ನು ಕಚ್ಚುವಷ್ಟು ಮಾತ್ರ ಬಿಟ್ಟು ಮತ್ತೆ ಒತ್ತಲು ಮಾವನಿಗೆ ಹೇಳಿದರು. ನಂತರ ರಿವರ್ಸಿನಲ್ಲೂ ಹಾಗೆಯೇ. ಆರೋಗ್ಯವಾಗಿರುವ ಎಂಜಿನ್ ತುಸು ಹೊರಳಿ ನಿಲ್ಲುತ್ತದೆ. ಇದು ಹಿಂದಕ್ಕೆ ಧಡಕ್ಕನೆ ವಾಲಿತು, ಕೆಳಗಿನಿಂದ ‘ಟಕ್’ ಎಂಬ ಸದ್ದೂ ಬಂತು. ಕೆಳಗೆ ಗೇರ್‌ಬಾಕ್ಸಿನಿಂದ ಚೌಕಟ್ಟಿಗೆ ಹೋಗುವ, ನಾಯಿ ಕಚ್ಚುವ ಎಲುಬಿನಂತೆ ಕಾಣುವ ಚಿಕ್ಕ ಕಟ್ಟೊಂದಿರುತ್ತದೆ. ಎಂಜಿನ್ ಹಿಂದೆ ಮುಂದೆ ಹೊರಳದಂತೆ ತಡೆಯುವುದು ಅದರ ಕೆಲಸ. ಅದರ ಬುಷ್ ಹರಿದಿತ್ತು. ಬಲಭಾಗದ ಮೌಂಟಿನಲ್ಲಿ ಒಳಗೆ ದ್ರವ ತುಂಬಿರುತ್ತದೆ. ಅದರ ಸುತ್ತ ಎಣ್ಣೆಯಂಥ ಕಪ್ಪು ಜಿಡ್ಡು ಕಾಣುತ್ತಿತ್ತು. ದ್ರವ ಸೋರಿದ ಮೇಲೆ ಆ ಮೌಂಟ್ ಬರೀ ರಬ್ಬರಿನ ತುಂಡು. ಎರಡನ್ನೂ ಬದಲಿಸಿದ ಮೇಲೆ ಕಾರು ಹೊಸದರಲ್ಲಿದ್ದಷ್ಟು ಮಾತ್ರ ನಡುಗಿತು. ಪೂರ್ತಿ ನಿಲ್ಲಲಿಲ್ಲ, ನಿಲ್ಲಬೇಕಾದ್ದೂ ಇಲ್ಲ. ಮೌಂಟುಗಳಿಗೆ ಆದ ವೆಚ್ಚ ಮೇಲೆ ಲೆಕ್ಕ ಹಾಕಿದ ಎರಡು ವರ್ಷದ ಪೆಟ್ರೋಲ್ ಉಳಿತಾಯದೊಳಗೇ ಮುಗಿಯಿತು.

ಯುರೋಪಿನಿಂದ ಬಂದ ಒಂದು ಕೆಟ್ಟ ಹೆಸರೂ ಈ ಎಂಜಿನ್‌ಗಳ ಬೆನ್ನಿಗೆ ಅಂಟಿದೆ. ಪ್ಯೂಜೊ ಮತ್ತು ಸಿಟ್ರೊಯೆನ್ ಕಾರುಗಳ 1.2 ಲೀಟರಿನ ಮೂರು ಸಿಲಿಂಡರ್ ಪ್ಯೂರ್‌ಟೆಕ್ ಎಂಜಿನ್‌ಗಳಲ್ಲಿ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಟೈಮಿಂಗ್ ಬೆಲ್ಟ್ ಬೇಗ ಹಾಳಾಗಿ, ಕಂಪನಿ ಕೊನೆಗೆ ಹತ್ತು ವರ್ಷದ ಹೊಣೆ ಹೊರಬೇಕಾಯಿತು. ಆದರೆ ಅಲ್ಲಿ ತಪ್ಪು ಸಿಲಿಂಡರಿನ ಸಂಖ್ಯೆಯದಲ್ಲ. ರಬ್ಬರಿನ ಬೆಲ್ಟನ್ನು ಎಂಜಿನ್ ಆಯಿಲ್ಲಿನೊಳಗೇ ಓಡಿಸುವ ವಿನ್ಯಾಸದ್ದು. ಬೆಲ್ಟಿನ ಚೂರುಗಳು ಕಳಚಿ ಆಯಿಲ್ ಹೀರುವ ಜಾಲರಿಯನ್ನು ಮುಚ್ಚುತ್ತಿದ್ದವು. ಆದ್ದರಿಂದ ಯಾವುದೇ ಕಾರು ನೋಡುವಾಗ ಎಷ್ಟು ಸಿಲಿಂಡರ್ ಎಂಬುದರ ಜೊತೆಗೆ ಟೈಮಿಂಗ್ ಚೈನೋ ಬೆಲ್ಟೋ, ಬೆಲ್ಟಾದರೆ ಒಣಗಿದ್ದೋ ಆಯಿಲ್ಲಿನಲ್ಲಿ ಮುಳುಗಿದ್ದೋ ಎಂದು ಕೇಳಿ. ಬಾಳಿಕೆಯ ಬಗ್ಗೆ ಆ ಉತ್ತರ ಹೆಚ್ಚು ಹೇಳುತ್ತದೆ.

ಇನ್ನು ಟೆಸ್ಟ್ ಡ್ರೈವ್. ಷೋರೂಮಿನವರು ಕರೆದೊಯ್ಯುವುದು ಖಾಲಿ ರಸ್ತೆಗೆ, ಅಲ್ಲಿ ಎರಡೂ ಎಂಜಿನ್ ಒಂದೇ ರೀತಿ ಚೆನ್ನಾಗಿರುತ್ತವೆ. ಹತ್ತು ನಿಮಿಷ ಓಡಿಸಿ ಎಂಜಿನ್ ಬಿಸಿಯಾದ ಮೇಲೆ ಎ.ಸಿ. ಹಾಕಿ ಎರಡು ನಿಮಿಷ ಸುಮ್ಮನೆ ನಿಂತುಕೊಳ್ಳಿ. ಕಂಪ್ರೆಸರ್ ಕೂಡಿಕೊಂಡಾಗ ಮತ್ತು ಬಿಟ್ಟಾಗ ಸ್ಟೀರಿಂಗಿನ ಮೇಲೆ ಬೆರಳಿಟ್ಟು ನೋಡಿ, ಹಿಂದಿನ ಕನ್ನಡಿಯಲ್ಲಿ ಕಾಣುವ ಚಿತ್ರ ಮಸುಕಾಗುತ್ತದೆಯೇ ಗಮನಿಸಿ. ನಿಂತಾಗ ಎಂಜಿನ್ ತಾನೇ ಆರುವ ಸೌಲಭ್ಯವಿದ್ದರೆ ಅದನ್ನು ಮೊದಲೇ ನಿಲ್ಲಿಸಿರಿ, ಇಲ್ಲದಿದ್ದರೆ ನೀವು ಪರೀಕ್ಷಿಸುತ್ತಿರುವುದು ಆರಿದ ಎಂಜಿನ್ನನ್ನು. ಆಮೇಲೆ ಮೂರನೇ ಗೇರಿನಲ್ಲಿ 25 ಕಿ.ಮೀ. ವೇಗಕ್ಕಿಳಿಸಿ ಮೆಲ್ಲಗೆ ಆಕ್ಸಿಲರೇಟರ್ ಒತ್ತಿ, ಮನೆಯ ಹಿರಿಯರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಅವರನ್ನೇ ಕೇಳಿ. ಅದೇ ರಸ್ತೆಯಲ್ಲಿ, ಅದೇ ದಿನ, ನಾಲ್ಕು ಸಿಲಿಂಡರಿನ ಬಲೇನೊವನ್ನೋ ಐ20ಯನ್ನೋ ಹೀಗೆಯೇ ಓಡಿಸಿ. ಎರಡರ ನಡುವಿನ ಅಂತರ ಹಿಂದೆ ಕುಳಿತವರ ಗಮನಕ್ಕೇ ಬರದಿದ್ದರೆ 52 ಲೀಟರ್ ಪೆಟ್ರೋಲನ್ನು ಉಳಿಸಿಕೊಳ್ಳಿ. ಬಂದರೆ, ಮತ್ತು ನಿಮ್ಮ ದಿನಗಳು ಸಿಗ್ನಲ್ಲುಗಳಲ್ಲೇ ಕಳೆಯುವುದಾದರೆ, ನಾಲ್ಕನೆಯ ಸಿಲಿಂಡರಿಗೆ ಆ ಹಣ ಕೊಡುವುದರಲ್ಲಿ ತಪ್ಪೇನೂ ಇಲ್ಲ.